ಲಸಿಕೆಗೂ ಮುನ್ನ ಸಿಡಿ4 ಎಷ್ಟಿದೆ ನೋಡಿ

ಉಗಾಂಡಾದಲ್ಲಿ ಒಂದು ಗ್ಯಾರೇಜಿನ ಕೆಲಸ ಸಿಕ್ಕಿರುವ 32 ವರ್ಷದ ಮೆಕ್ಯಾನಿಕ್ ಒಬ್ಬರನ್ನು ಊಹಿಸಿಕೊಳ್ಳಿ. ಆ ದೇಶಕ್ಕೆ ಹೋಗುವವರು ಹಳದಿ ಜ್ವರದ ಲಸಿಕೆ ಹಾಕಿಸಿಕೊಂಡ ಪ್ರಮಾಣಪತ್ರ ತೋರಿಸಬೇಕು. ಇವರಿಗೆ ಎಚ್‌ಐವಿ ಇರುವುದು ಎರಡು ತಿಂಗಳ ಹಿಂದೆ ಗೊತ್ತಾಗಿದೆ. ಎಆರ್‌ಟಿ ಕೇಂದ್ರದಿಂದ ಮಾತ್ರೆ ತರುತ್ತಿದ್ದಾರೆ, ತಪ್ಪದೆ ನುಂಗುತ್ತಿದ್ದಾರೆ, ಮೈಯಲ್ಲಿ ಯಾವ ತೊಂದರೆಯೂ ಇಲ್ಲ. ರಕ್ತ ಪರೀಕ್ಷೆಯಲ್ಲಿ ಸಿಡಿ4 ಎಣಿಕೆ 140 ಎಂದು ಬಂದಿದೆ. ಏಜೆಂಟ್ ಮುಂದಿನ ವಾರವೇ ಲಸಿಕೆ ಹಾಕಿಸಿಕೊಂಡು ಬನ್ನಿ ಎನ್ನುತ್ತಿದ್ದಾನೆ. ಹಾಕಿಸಿಕೊಳ್ಳಬಹುದೇ?

ಈಗ ಬೇಡ. ಎಚ್‌ಐವಿ ಇದ್ದವರಿಗೆ ಲಸಿಕೆಯೇ ಆಗದು ಎಂದು ಇದರ ಅರ್ಥವಲ್ಲ. ಬೇರೆಯವರಿಗಿಂತ ಅವರಿಗೇ ಹೆಚ್ಚು ಲಸಿಕೆಗಳು ಬೇಕು. ಆದರೆ ಹಳದಿ ಜ್ವರದ ಲಸಿಕೆ ಜೀವಂತ ಲಸಿಕೆಗಳ ಗುಂಪಿಗೆ ಸೇರಿದ್ದು. ಆ ಗುಂಪಿನ ಲಸಿಕೆಗಳನ್ನು ಹಾಕಬಹುದೋ ಬೇಡವೋ ಎಂಬುದನ್ನು ಮುಖ್ಯವಾಗಿ ಸಿಡಿ4 ಎಣಿಕೆಯೇ ತೀರ್ಮಾನಿಸುತ್ತದೆ.

ಲಸಿಕೆಗಳಲ್ಲಿ ಎರಡು ದೊಡ್ಡ ಬಗೆ. ಮೊದಲನೆಯದರಲ್ಲಿ ರೋಗಾಣುವನ್ನು ಕೊಂದು, ಅಥವಾ ಅದರ ಒಂದು ತುಣುಕನ್ನು ಮಾತ್ರ ತೆಗೆದು ಬಳಸುತ್ತಾರೆ. ಇಂಥ ಲಸಿಕೆ ದೇಹದೊಳಗೆ ಬೆಳೆಯಲಾರದು. ಎರಡನೆಯದರಲ್ಲಿ ರೋಗಾಣು ಜೀವಂತವಾಗಿಯೇ ಇರುತ್ತದೆ, ಅದರ ಶಕ್ತಿಯನ್ನು ಮಾತ್ರ ಕುಗ್ಗಿಸಿರುತ್ತಾರೆ. ಹಾಲಿಗೆ ಬಿಟ್ಟ ಹೆಪ್ಪಿನ ಹಾಗೆ, ಸ್ವಲ್ಪವೇ ಒಳಗೆ ಹೋದರೂ ಅದು ಅಲ್ಲಿ ಬೆಳೆಯುತ್ತದೆ. ಹಾಗೆ ಬೆಳೆಯುವುದನ್ನು ಕಂಡೇ ದೇಹ ಎಚ್ಚೆತ್ತುಕೊಂಡು ಪ್ರತಿಕಾಯಗಳನ್ನು ತಯಾರಿಸುತ್ತದೆ, ಕೆಲವು ದಿನಗಳಲ್ಲಿ ಆ ಬೆಳವಣಿಗೆಯನ್ನು ನಿಲ್ಲಿಸುತ್ತದೆ. ಜೀವಂತ ಲಸಿಕೆಯ ಸುರಕ್ಷತೆ ನಿಂತಿರುವುದು ಈ ನಿಲ್ಲಿಸುವ ಶಕ್ತಿಯ ಮೇಲೆ.

ಆ ಕೆಲಸವನ್ನು ಮುನ್ನಡೆಸುವುದು ಸಿಡಿ4 ಕೋಶಗಳು. ಇವು ಬಿಳಿ ರಕ್ತಕಣಗಳ ಒಂದು ಜಾತಿ. ಪ್ರತಿಕಾಯ ತಯಾರಿಸುವ ಕೋಶಗಳಿಗೂ ಸೋಂಕು ತಗುಲಿದ ಕೋಶಗಳನ್ನು ಕೊಲ್ಲುವ ಕೋಶಗಳಿಗೂ ಸಂದೇಶ ಕೊಟ್ಟು ಕೆಲಸಕ್ಕೆ ಹಚ್ಚುವುದು ಇವೇ. ಎಚ್‌ಐವಿ ಹೊಕ್ಕು ನಾಶ ಮಾಡುವುದೂ ಮುಖ್ಯವಾಗಿ ಇವನ್ನೇ. ಆರೋಗ್ಯವಂತ ವಯಸ್ಕರಲ್ಲಿ ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಸುಮಾರು 500ರಿಂದ 1500 ಸಿಡಿ4 ಕೋಶಗಳಿರುತ್ತವೆ. ಅದು 200ಕ್ಕಿಂತ ಕೆಳಗಿಳಿದರೆ ರೋಗನಿರೋಧಕ ಶಕ್ತಿ ತೀವ್ರವಾಗಿ ಕುಸಿದಿದೆ ಎಂದು ವೈದ್ಯರು ಪರಿಗಣಿಸುತ್ತಾರೆ. ಆಗ ಲಸಿಕೆಯ ದುರ್ಬಲ ರೋಗಾಣುವನ್ನೂ ತಡೆಯುವವರಿಲ್ಲದೆ ಅದು ಬೆಳೆಯುತ್ತಲೇ ಹೋಗಬಹುದು.

ಹೀಗೆ ಆಗಿದ್ದೂ ಉಂಟು. ಅಮೆರಿಕದಲ್ಲಿ 20 ವರ್ಷದ ಯುವಕನೊಬ್ಬ 1992ರಲ್ಲಿ ಎಂಎಂಆರ್ ಲಸಿಕೆಯ ಎರಡನೇ ಡೋಸ್ ಹಾಕಿಸಿಕೊಂಡ. ದಡಾರ, ಮಂಗನಬಾವು, ರುಬೆಲ್ಲಾ ಈ ಮೂರನ್ನೂ ತಡೆಯುವ ಜೀವಂತ ಲಸಿಕೆ ಅದು. ಅವನಿಗೆ ಎಚ್‌ಐವಿ ಇತ್ತು, ಆದರೆ ರೋಗಲಕ್ಷಣ ಏನೂ ಇರಲಿಲ್ಲ. ಸಿಡಿ4 ಮಾತ್ರ ಎಣಿಸಲೂ ಆಗದಷ್ಟು ಕಡಿಮೆಯಾಗಿತ್ತು. ಸುಮಾರು ಒಂದು ವರ್ಷದ ಬಳಿಕ ಅವನ ಶ್ವಾಸಕೋಶದಲ್ಲಿ ದಡಾರದ ತೀವ್ರ ಸೋಂಕು ಕಾಣಿಸಿತು. ವೈರಸ್ಸನ್ನು ಪರೀಕ್ಷಿಸಿದಾಗ ಅದು ಲಸಿಕೆಯ ತಳಿಯೇ ಎಂದು ಗೊತ್ತಾಯಿತು. ಈ ಪ್ರಕರಣ ಎರಡು ವಿಷಯ ಹೇಳುತ್ತದೆ. ನೋಡಲು ಗಟ್ಟಿಮುಟ್ಟಾಗಿರುವುದು ಸಿಡಿ4 ಚೆನ್ನಾಗಿದೆ ಎಂಬುದಕ್ಕೆ ಸಾಕ್ಷಿಯಲ್ಲ. ಜೀವಂತ ಲಸಿಕೆಯ ತೊಂದರೆ ಮರುದಿನವೇ ಕಾಣಬೇಕೆಂದೂ ಇಲ್ಲ, ತಿಂಗಳುಗಟ್ಟಲೆ ತಡವಾಗಿಯೂ ಬರಬಹುದು.

ಹಾಗಾದರೆ ಯಾವ ಲಸಿಕೆಗಳ ವಿಷಯದಲ್ಲಿ ಎಚ್ಚರ ಬೇಕು? ವಯಸ್ಕರಿಗೆ ಸಾಮಾನ್ಯವಾಗಿ ಎದುರಾಗುವ ಜೀವಂತ ಲಸಿಕೆಗಳು ಕೆಲವೇ. ಎಂಎಂಆರ್, ಚಿಕನ್‌ಪಾಕ್ಸ್ ಅಂದರೆ ಸೀತಾಳೆ ಸಿಡುಬಿನ ಲಸಿಕೆ, ಹಳದಿ ಜ್ವರದ್ದು, ಮೂಗಿಗೆ ಸಿಂಪಡಿಸುವ ಫ್ಲೂ ಲಸಿಕೆ, ನುಂಗುವ ಟೈಫಾಯ್ಡ್ ಲಸಿಕೆ, ಬಾಯಿಗೆ ಹಾಕುವ ಪೋಲಿಯೊ ಹನಿ ಮತ್ತು ಬಿಸಿಜಿ. ಸಿಡಿ4 200ಕ್ಕಿಂತ ಕಡಿಮೆ ಇರುವವರಿಗೆ ಇವು ಯಾವುವೂ ಬೇಡ.

200 ದಾಟಿದವರಿಗೂ ಎಲ್ಲಕ್ಕೂ ಒಂದೇ ನಿಯಮ ಇಲ್ಲ. ದಡಾರದ ರಕ್ಷಣೆ ಇಲ್ಲದವರಿಗೆ ಸಿಡಿ4 ಆರು ತಿಂಗಳಾದರೂ 200ರ ಮೇಲೆ ನಿಂತಿದ್ದರೆ ಎಂಎಂಆರ್ ಕೊಡಬಹುದು. ಚಿಕನ್‌ಪಾಕ್ಸ್ ಲಸಿಕೆಯನ್ನೂ 200ರ ಮೇಲಿರುವವರಿಗೆ ಪರಿಗಣಿಸಬಹುದು. ಮೂಗಿನ ಫ್ಲೂ ಲಸಿಕೆ ಮತ್ತು ನುಂಗುವ ಟೈಫಾಯ್ಡ್ ಲಸಿಕೆಯನ್ನು ಮಾತ್ರ ಸಿಡಿ4 ಎಷ್ಟೇ ಇದ್ದರೂ ಬಿಡುವುದೇ ಒಳ್ಳೆಯದು, ಏಕೆಂದರೆ ಅದೇ ರೋಗಗಳಿಗೆ ಜೀವಂತವಲ್ಲದ ಚುಚ್ಚುಮದ್ದು ಸಿಗುತ್ತದೆ. ಸರ್ಪಸುತ್ತಿನ ಲಸಿಕೆಯಲ್ಲೂ ಎರಡು ಬಗೆ ಇವೆ. ಹಳೆಯದು ಜೀವಂತ, ಈಗ ಬಂದಿರುವ ಶಿಂಗ್ರಿಕ್ಸ್ ವೈರಸ್ಸಿನ ಒಂದು ಪ್ರೋಟೀನಿನಿಂದ ಮಾಡಿದ್ದು. ಎಚ್‌ಐವಿ ಇರುವವರು ಎರಡನೆಯದನ್ನೇ ಕೇಳಬೇಕು. ಮೆದುಳುಜ್ವರದಲ್ಲೂ ಹೀಗೆಯೇ. ಜಪಾನೀಸ್ ಎನ್ಸೆಫಲೈಟಿಸ್ ತಡೆಯಲು ಜೀವಂತ ಲಸಿಕೆಯೂ ಇದೆ, ಜೆನ್ವ್ಯಾಕ್ ಎಂಬ ನಿಷ್ಕ್ರಿಯ ಲಸಿಕೆಯೂ ಇದೆ. ಎರಡನೆಯದನ್ನು ನಮ್ಮ ಕೋಲಾರದಲ್ಲಿ ಸಿಕ್ಕ ವೈರಸ್ ತಳಿಯಿಂದಲೇ ತಯಾರಿಸಿದ್ದಾರೆ. ರೋಗದ ಹೆಸರು ಒಂದೇ ಆದರೂ ಲಸಿಕೆ ಬೇರೆ ಬೇರೆ ಆಗಿರುವುದರಿಂದ, ಹಾಕಿಸಿಕೊಳ್ಳುವ ಮುನ್ನ ‘ಇದು ಜೀವಂತ ಲಸಿಕೆಯೇ?’ ಎಂದು ಕೇಳಲೇಬೇಕು.

ಈಗ ನಮ್ಮ ಮೆಕ್ಯಾನಿಕ್ ವಿಷಯಕ್ಕೆ ಬರೋಣ. 140 ಎಣಿಕೆಯಲ್ಲಿ ಹಳದಿ ಜ್ವರದ ಲಸಿಕೆ ಹಾಕಿದರೆ ಅದರ ವೈರಸ್ ಯಕೃತ್ತನ್ನೋ ಮೆದುಳನ್ನೋ ಹಿಡಿಯುವ ಅಪಾಯವಿದೆ. ಲಸಿಕೆ ಹಾಕಲಾಗದು ಎಂದು ವೈದ್ಯರು ವಿನಾಯಿತಿ ಪತ್ರ ಬರೆದುಕೊಡಬಹುದು, ಆದರೆ ಅದನ್ನು ಒಪ್ಪುವುದು ಬಿಡುವುದು ಆ ದೇಶದ ಅಧಿಕಾರಿಗಳಿಗೆ ಬಿಟ್ಟದ್ದು. ಹಳದಿ ಜ್ವರವಿರುವ ದೇಶದಿಂದ ಪ್ರಮಾಣಪತ್ರವಿಲ್ಲದೆ ಭಾರತಕ್ಕೆ ಮರಳಿದರೆ ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ವಿನಾಯಿತಿ ಪತ್ರ ಸೊಳ್ಳೆಯನ್ನು ತಡೆಯುವುದಿಲ್ಲ. ರಕ್ಷಣೆಯೇ ಇಲ್ಲದೆ ಆ ದೇಶದಲ್ಲಿ ವರ್ಷಗಟ್ಟಲೆ ದುಡಿಯುವುದು ಬುದ್ಧಿವಂತಿಕೆಯಲ್ಲ. ಆದ್ದರಿಂದ ಪ್ರಯಾಣವನ್ನೇ ಮುಂದೂಡುವುದು ಸರಿಯಾದ ದಾರಿ.

ಮುಂದೂಡಿದರೆ ಲಾಭವಿದೆ, ಏಕೆಂದರೆ ಸಿಡಿ4 ಮತ್ತೆ ಏರುತ್ತದೆ. ಎಆರ್‌ಟಿ ಮಾತ್ರೆಗಳು ವೈರಸ್ ಹೆಚ್ಚುವುದನ್ನು ತಡೆದ ಮೇಲೆ ದೇಹ ಹೊಸ ಕೋಶಗಳನ್ನು ತಯಾರಿಸಿಕೊಳ್ಳುತ್ತದೆ. ಈ ಏರಿಕೆ ನಿಧಾನ, ತಿಂಗಳುಗಳ ಲೆಕ್ಕದ್ದು, ಎಲ್ಲರಲ್ಲೂ ಒಂದೇ ವೇಗದ್ದಲ್ಲ. ಒಂದು ವರ್ಷದ ನಂತರ ಇವರ ಎಣಿಕೆ 310ಕ್ಕೆ ಬಂದು ನಿಂತಿದೆ, ರಕ್ತದಲ್ಲಿ ವೈರಸ್ ಪತ್ತೆಯಾಗುತ್ತಿಲ್ಲ ಎಂದಿಟ್ಟುಕೊಳ್ಳೋಣ. ಹಳದಿ ಜ್ವರದ ಲಸಿಕೆಗೆ 200ರಿಂದ 499ರವರೆಗಿನ ಎಣಿಕೆ ಎಂದರೆ ಎಚ್ಚರದಿಂದ ತೂಗಿ ನೋಡಬೇಕಾದ ವಲಯ. 500 ದಾಟಿದವರಿಗೆ ಮಾಮೂಲಿನಂತೆ ಕೊಡಬಹುದು. ಇವರು ಹೋಗುತ್ತಿರುವುದು ರೋಗ ನಿಜವಾಗಿಯೂ ಇರುವ ಜಾಗಕ್ಕೆ, ಅದೂ ವರ್ಷಗಟ್ಟಲೆ ಇರಲು. ಹಾಗಾಗಿ ವೈದ್ಯರು ಲಸಿಕೆ ಕೊಡಬಹುದು. ಹಾಕಿಸಿಕೊಂಡ ಹತ್ತು ದಿನಗಳ ಬಳಿಕವೇ ಪ್ರಮಾಣಪತ್ರಕ್ಕೆ ಮಾನ್ಯತೆ ಬರುವುದರಿಂದ ಟಿಕೆಟ್ ಆಮೇಲಿನದಾಗಿರಬೇಕು. ಎಂಎಂಆರ್ ಕೂಡ ಬೇಕಿದ್ದರೆ ಎರಡು ಜೀವಂತ ಲಸಿಕೆಗಳ ನಡುವೆ ನಾಲ್ಕು ವಾರ ಬಿಡುವುದು ಒಳ್ಳೆಯದು.

ಕಾಯುವ ಆ ಒಂದು ವರ್ಷವೂ ಖಾಲಿ ಹೋಗಬೇಕಿಲ್ಲ. ಜೀವಂತವಲ್ಲದ ಲಸಿಕೆಗಳನ್ನು ಸಿಡಿ4 ಕಡಿಮೆ ಇದ್ದಾಗಲೂ ಹಾಕಬಹುದು. ಅವುಗಳಿಂದ ಸೋಂಕು ಬರುವ ಭಯವಿಲ್ಲ. ಆದರೆ ಸಂದೇಶ ಕೊಡುವ ಕೋಶಗಳೇ ಕಡಿಮೆ ಇರುವುದರಿಂದ ಪ್ರತಿಕಾಯ ಸಾಕಷ್ಟು ಹುಟ್ಟದೇ ಹೋಗಬಹುದು. ಇದಕ್ಕೆ ಹೆಪಟೈಟಿಸ್ ಬಿ ಒಳ್ಳೆಯ ಉದಾಹರಣೆ. ಸಾಮಾನ್ಯ ವಯಸ್ಕರಿಗೆ 20 ಮೈಕ್ರೋಗ್ರಾಮಿನ ಮೂರು ಡೋಸ್ ಸಾಕಾಗುತ್ತದೆ. ಎಚ್‌ಐವಿ ಇರುವವರಿಗೆ ಅದರ ದುಪ್ಪಟ್ಟು, ಅಂದರೆ 40 ಮೈಕ್ರೋಗ್ರಾಮನ್ನು ಮೊದಲ ದಿನ, ಒಂದನೇ, ಎರಡನೇ ಮತ್ತು ಆರನೇ ತಿಂಗಳಲ್ಲಿ ಕೊಡುವ ಪದ್ಧತಿ ಇದೆ. ಕೊನೆಯ ಡೋಸ್ ಆಗಿ ಒಂದೆರಡು ತಿಂಗಳಿಗೆ ರಕ್ತದಲ್ಲಿ ಪ್ರತಿಕಾಯ ಪರೀಕ್ಷೆ ಮಾಡಿಸಬೇಕು. ಅದು ಮಿಲಿಲೀಟರಿಗೆ 10 ಮಿಲಿ ಯೂನಿಟ್ ಮುಟ್ಟದಿದ್ದರೆ ಲಸಿಕೆ ಹಿಡಿದಿಲ್ಲ ಎಂದರ್ಥ, ಮತ್ತೆ ಹಾಕಿಸಬೇಕಾಗುತ್ತದೆ. ಚುಚ್ಚಿಸಿಕೊಂಡೆವು ಎಂದಷ್ಟಕ್ಕೆ ರಕ್ಷಣೆ ಸಿಕ್ಕಿದೆ ಎಂದು ಇಲ್ಲಿ ನಂಬುವಂತಿಲ್ಲ.

ನ್ಯುಮೋಕಾಕಸ್ ಎಂಬ ಬ್ಯಾಕ್ಟೀರಿಯಾದಿಂದ ಬರುವ ನ್ಯುಮೋನಿಯಾ ಎಚ್‌ಐವಿ ಇರುವವರನ್ನು ಹೆಚ್ಚಾಗಿ ಕಾಡುತ್ತದೆ. ಇದರ ಕಾಂಜುಗೇಟ್ ಲಸಿಕೆಯನ್ನು ಬೇಗನೆ ಕೊಡಬೇಕು. ಪಿಸಿವಿ13 ಹಾಕಿಸಿಕೊಂಡವರಿಗೆ ಕನಿಷ್ಠ ಎಂಟು ವಾರದ ನಂತರ ಪಿಪಿಎಸ್‌ವಿ23 ಎಂಬ ಎರಡನೇ ಲಸಿಕೆ ಬರುತ್ತದೆ. ಇದಕ್ಕೆ ಮಾತ್ರ ಸಿಡಿ4 200 ದಾಟುವವರೆಗೆ ಕಾಯುವುದುಂಟು, ಆಗ ದೇಹ ಹೆಚ್ಚು ಚೆನ್ನಾಗಿ ಸ್ಪಂದಿಸುತ್ತದೆ. ಫ್ಲೂ ಚುಚ್ಚುಮದ್ದು ಪ್ರತಿ ವರ್ಷ ಬೇಕು.

ಸಿಡಿ4 ನೋಡುತ್ತಾ ಒಂದು ಕ್ಷಣವೂ ಕಾಯಬಾರದ ಲಸಿಕೆ ರೇಬೀಸಿನದು. ನಾಯಿ ಕಚ್ಚಿದರೆ ಗಾಯವನ್ನು ಸೋಪು ನೀರಿನಲ್ಲಿ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಬೇಕು. ಈ ಲಸಿಕೆ ನಿಷ್ಕ್ರಿಯವಾದದ್ದು, ಎಚ್‌ಐವಿ ಇರುವವರಿಗೂ ಸುರಕ್ಷಿತ. ಆದರೆ ರೋಗನಿರೋಧಕ ಶಕ್ತಿ ಕುಗ್ಗಿದವರಿಗೆ ರಕ್ತ ಬಾರದ ಚಿಕ್ಕ ತರಚು ಗಾಯಕ್ಕೂ ಲಸಿಕೆಯ ಜೊತೆಗೆ ಇಮ್ಯುನೋಗ್ಲಾಬ್ಯುಲಿನ್ ಎಂಬ ಸಿದ್ಧ ಪ್ರತಿಕಾಯವನ್ನು ಕೊಡಬೇಕು. ಎಚ್‌ಐವಿ ವಿಷಯ ವೈದ್ಯರಿಗೆ ಗೊತ್ತಿಲ್ಲದಿದ್ದರೆ ಸಣ್ಣ ಗಾಯವೆಂದು ಅದನ್ನು ಬಿಟ್ಟುಬಿಡುವ ಸಾಧ್ಯತೆ ಇದೆ.

ಮಕ್ಕಳ ಲೆಕ್ಕ ಸ್ವಲ್ಪ ಬೇರೆ. ಚಿಕ್ಕ ಮಕ್ಕಳಲ್ಲಿ ಸಿಡಿ4 ಸಂಖ್ಯೆ ಸಹಜವಾಗಿಯೇ ಹೆಚ್ಚಿರುತ್ತದೆ. ಆದ್ದರಿಂದ ಐದು ವರ್ಷದೊಳಗಿನವರಲ್ಲಿ ಸಂಖ್ಯೆಗಿಂತ ಶೇಕಡಾವಾರು ನೋಡುತ್ತಾರೆ. ಅದು ಶೇ 15ಕ್ಕಿಂತ ಕಡಿಮೆ ಇದ್ದರೆ ಎಂಎಂಆರ್, ಚಿಕನ್‌ಪಾಕ್ಸ್‌ನಂಥ ಜೀವಂತ ಲಸಿಕೆ ಕೊಡುವುದಿಲ್ಲ.

ಸಿಡಿ4 ವರದಿ ಓದುವಾಗಲೂ ಜಾಗ್ರತೆ ಬೇಕು. ಜ್ವರ ಬಂದಾಗ ಎಣಿಕೆ ತಾತ್ಕಾಲಿಕವಾಗಿ ಇಳಿಯುತ್ತದೆ, ಒಂದೇ ದಿನದಲ್ಲೂ ಹೆಚ್ಚು ಕಡಿಮೆ ಆಗುತ್ತದೆ. ಆದ್ದರಿಂದ ಒಂದು ಅಂಕಿಗಿಂತ ಹಿಂದಿನ ಎರಡು ಮೂರು ವರದಿಗಳು ಸಾಗಿರುವ ದಿಕ್ಕು ಮುಖ್ಯ. ಚಿಕಿತ್ಸೆ ಚೆನ್ನಾಗಿ ನಡೆಯುತ್ತಿರುವವರಲ್ಲಿ ಎಆರ್‌ಟಿ ಕೇಂದ್ರಗಳು ಸಿಡಿ4 ಪರೀಕ್ಷೆಯನ್ನು ನಿಲ್ಲಿಸಿ ವೈರಲ್ ಲೋಡ್ ಮಾತ್ರ ನೋಡುವುದುಂಟು. ಅಂಥವರ ಕೈಯಲ್ಲಿರುವ ಸಿಡಿ4 ವರದಿ ಹಳೆಯದಾಗಿರಬಹುದು. ನಡುವೆ ಮಾತ್ರೆ ಬಿಟ್ಟಿದ್ದರೆ ಆ ಹಳೆಯ ಅಂಕಿಯನ್ನು ನಂಬಿ ಜೀವಂತ ಲಸಿಕೆ ಹಾಕಿಸಬಾರದು, ಹೊಸದಾಗಿ ಪರೀಕ್ಷೆ ಮಾಡಿಸಬೇಕು.

ಲಸಿಕೆ ಕೇಂದ್ರದಲ್ಲಿ ಎಚ್‌ಐವಿ ವಿಷಯ ಹೇಳಲು ಅನೇಕರು ಹಿಂಜರಿಯುತ್ತಾರೆ. ಆ ಅಳುಕಿಗೆ ಕಾರಣಗಳಿವೆ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ ಈ ಮಾಹಿತಿಯನ್ನು ಗುಟ್ಟಾಗಿಡುವ ಹೊಣೆಯನ್ನು ಅದನ್ನು ತಿಳಿದವರ ಮೇಲೆ ಹೊರಿಸಿದೆ, ಚಿಕಿತ್ಸೆ ನಿರಾಕರಿಸುವುದನ್ನು ನಿಷೇಧಿಸಿದೆ. ಆದರೂ ಎಲ್ಲರೆದುರು ಹೇಳಲು ಮನಸ್ಸಿಲ್ಲದಿದ್ದರೆ ಇನ್ನೊಂದು ದಾರಿಯಿದೆ. ಮೊದಲು ಎಆರ್‌ಟಿ ವೈದ್ಯರ ಬಳಿ ಹೋಗಿ, ಯಾವ ಲಸಿಕೆ ಈಗ, ಯಾವುದು ಆಮೇಲೆ, ಯಾವುದು ಬೇಡವೇ ಬೇಡ ಎಂದು ಹೆಸರು ಹಿಡಿದು ಚೀಟಿಯಲ್ಲಿ ಬರೆಸಿಕೊಳ್ಳಿ. ಆ ಚೀಟಿಯಲ್ಲಿ ಎಚ್‌ಐವಿ ಎಂಬ ಪದ ಇರಲೇಬೇಕಿಲ್ಲ. ‘ಜೀವಂತ ಲಸಿಕೆ ಕೊಡಬೇಡಿ’ ಎಂಬ ಒಂದು ಸಾಲು ಇದ್ದರೆ ಲಸಿಕೆ ಹಾಕುವ ನರ್ಸಿಗೆ ಅಷ್ಟು ಸಾಕು.