‘ಸಮರ’ದಲ್ಲಿ ಅಡಗಿದ ‘ಮರ’: ರಿಟರ್ನ್ ಓರಿಯೆಂಟೆಡ್ ಪ್ರೋಗ್ರಾಮಿಂಗ್

ಎವಿಸಿ ಅಡ್ವಾಂಟೇಜ್ ಎಂಬುದು ಅಮೆರಿಕದ ನ್ಯೂಜೆರ್ಸಿ ರಾಜ್ಯದಲ್ಲಿ ಬಳಕೆಯಲ್ಲಿದ್ದ ಒಂದು ಮತಯಂತ್ರ. ಅದರೊಳಗೆ ಇದ್ದುದು ಝಡ್80 ಎಂಬ ಹಳೆಯ ಪ್ರೊಸೆಸರ್. ಆದೇಶಗಳನ್ನು ರೋಮ್‌ನಿಂದ ಮಾತ್ರ ಓದಬೇಕು, ರ‍್ಯಾಮ್‌ನಿಂದ ಓದಬಾರದು ಎಂಬ ಕಟ್ಟುಪಾಡನ್ನು ಅದರ ಹಾರ್ಡ್‌ವೇರೇ ಹಾಕಿತ್ತು. ಹೊರಗಿನವರು ಬರೆದ ಒಂದೇ ಒಂದು ಆದೇಶವೂ ಅದರಲ್ಲಿ ಓಡುವಂತಿರಲಿಲ್ಲ. ಆದರೂ 2009ರಲ್ಲಿ ಸಂಶೋಧಕರ ಒಂದು ತಂಡ, ಆ ಯಂತ್ರದಲ್ಲಿ ಒಬ್ಬರಿಗೆ ಬಿದ್ದ ಮತಗಳನ್ನು ಇನ್ನೊಬ್ಬರಿಗೆ ವರ್ಗಾಯಿಸಬಹುದೆಂದು ತೋರಿಸಿತು. ಅವರು ರೋಮ್ ಅನ್ನು ಮುಟ್ಟಲಿಲ್ಲ. ಅದರಲ್ಲಿ ಮೊದಲೇ ಇದ್ದ ಆದೇಶಗಳ ಚೂರುಗಳನ್ನೇ ತಮಗೆ ಬೇಕಾದ ಕ್ರಮದಲ್ಲಿ ಓಡಿಸಿದರು.

ಬಫರ್ ಓವರ್‌ಫ್ಲೋ ಓದಿದವರಿಗೆ ಗೊತ್ತು: ಸ್ಟ್ಯಾಕಿನ ಮೇಲಿನ ರಿಟರ್ನ್ ವಿಳಾಸವನ್ನು ಅಳಿಸಿ ಬರೆದರೆ ಪ್ರೋಗ್ರಾಮಿನ ಓಟ ನಮ್ಮ ಕೈಗೆ ಬರುತ್ತದೆ. ಸ್ಟ್ಯಾಕಿನಲ್ಲಿ ಇಟ್ಟದ್ದು ಓಡಬಾರದು ಎಂದು ಪ್ರೊಸೆಸರಿಗೆ ಹೇಳಿದ ಮೇಲೆ, ಅಲ್ಲಿ ನಾವು ಇಟ್ಟ ಕೋಡ್ ಸತ್ತಂತೆ. ಆದರೆ ಆ ಕಾವಲು ತಡೆಯುವುದು ಹೊಸ ಕೋಡನ್ನು ಮಾತ್ರ. ಹಳೆಯ ಕೋಡಿನ ಯಾವ ಜಾಗಕ್ಕೆ ಹೋಗಬೇಕು ಎಂಬ ವಿಳಾಸವನ್ನು ಅದು ತಡೆಯುವುದಿಲ್ಲ. ಅದರ ಕಣ್ಣಿಗೆ ವಿಳಾಸ ಎಂದರೆ ಬರೀ ದತ್ತಾಂಶ.

1997ರಲ್ಲೇ ಸೋಲಾರ್ ಡಿಸೈನರ್ ಎಂಬ ಹೆಸರಿನಲ್ಲಿ ಬರೆಯುವ ಭದ್ರತಾ ತಜ್ಞರು ಈ ಸಂದಿಯನ್ನು ತೋರಿಸಿದ್ದರು. ಲೈಬ್ರರಿಯಲ್ಲಿರುವ `system` ಎಂಬ ಫಂಕ್ಷನ್ನಿಗೇ ರಿಟರ್ನ್ ಆಗುವುದು ಅವರ ದಾರಿ. 32 ಬಿಟ್‌ನ ಯಂತ್ರಗಳಲ್ಲಿ ಫಂಕ್ಷನ್ನಿನ ಆರ್ಗ್ಯುಮೆಂಟೂ ಸ್ಟ್ಯಾಕಿನಲ್ಲೇ ಇರುತ್ತಿದ್ದುದರಿಂದ ಅದು ಸಲೀಸಾಗಿತ್ತು. 64 ಬಿಟ್‌ನ ಲಿನಕ್ಸಿನಲ್ಲಿ ಮೊದಲ ಆರ್ಗ್ಯುಮೆಂಟ್ `rdi` ರಿಜಿಸ್ಟರಿನಲ್ಲಿರಬೇಕು. ನಮ್ಮ ಕೈಯಲ್ಲಿರುವುದು ಸ್ಟ್ಯಾಕ್ ಮಾತ್ರ, ರಿಜಿಸ್ಟರ್ ಅಲ್ಲ. ಹಾಗಾದರೆ ಸ್ಟ್ಯಾಕಿನಲ್ಲಿರುವುದನ್ನು `rdi` ಒಳಗೆ ಹಾಕುವವರು ಯಾರು?

ಬೈಟುಗಳ ನಡುವೆ ಗಡಿಯಿಲ್ಲ

2007ರಲ್ಲಿ ಹೊವಾವ್ ಶಾಚಮ್ ಪ್ರಕಟಿಸಿದ ಪ್ರಬಂಧ ಇದಕ್ಕೆ ಉತ್ತರ ಕೊಟ್ಟಿತು. ಇಡೀ ಫಂಕ್ಷನ್ ಬೇಕಿಲ್ಲ, `ret` ಆದೇಶದಿಂದ ಮುಗಿಯುವ ಎರಡು ಮೂರು ಆದೇಶಗಳ ತುಣುಕು ಸಾಕು. ಅಂಥ ತುಣುಕಿಗೆ ಗ್ಯಾಜೆಟ್ ಎಂದು ಹೆಸರು. ಇಂಟೆಲ್ ಮಾದರಿಯ ಪ್ರೊಸೆಸರುಗಳಲ್ಲಿ, ಕೋಡ್ ಬರೆದವರಿಗೂ ತಿಳಿಯದ ಗ್ಯಾಜೆಟ್‌ಗಳು ರಾಶಿ ರಾಶಿ ಸಿಗುತ್ತವೆ.

‘ಸಮರ’ ಎಂಬ ಪದವನ್ನು ಎರಡನೆಯ ಅಕ್ಷರದಿಂದ ಓದಿ ನೋಡಿ, ‘ಮರ’ ಎಂದಾಗುತ್ತದೆ. ಸಮರ ಎಂದು ಬರೆದವರ ಮನಸ್ಸಿನಲ್ಲಿ ಮರ ಇರಲಿಲ್ಲ, ಆದರೆ ಓದಲು ಎಲ್ಲಿಂದ ಶುರುಮಾಡುತ್ತೇವೆ ಎಂಬುದರ ಮೇಲೆ ಅರ್ಥ ನಿಂತಿದೆ. ಇಂಟೆಲ್ ಆದೇಶಗಳ ಉದ್ದವೂ ಒಂದೇ ಸಮ ಇಲ್ಲ: ಕೆಲವು ಒಂದು ಬೈಟಿನವು, ಕೆಲವು ಹತ್ತಕ್ಕೂ ಹೆಚ್ಚು ಬೈಟಿನವು. ಒಂದು ಆದೇಶದ ಹೊಟ್ಟೆಯ ನಡುವಿನಿಂದ ಓದಲು ಶುರುಮಾಡಿದರೂ ಪ್ರೊಸೆಸರ್ ತಕರಾರು ತೆಗೆಯುವುದಿಲ್ಲ.

```
41 5f c3    pop r15 ; ret
   5f c3    pop rdi ; ret
```

ಮೇಲಿನ ಸಾಲು ಕಂಪೈಲರ್ ಬರೆದದ್ದು. ಅನೇಕ ಫಂಕ್ಷನ್ನುಗಳು ಮುಗಿಯುವುದೇ ಹೀಗೆ. ಒಂದು ಬೈಟ್ ಬಿಟ್ಟು ಓದಿದರೆ ಅದೇ ಜಾಗದಲ್ಲಿ ನಾವು ಹುಡುಕುತ್ತಿದ್ದ ಆದೇಶ ಎದುರಾಗುತ್ತದೆ. ಸ್ಟ್ಯಾಕಿನ ಮೇಲ್ತುದಿಯಲ್ಲಿರುವುದನ್ನು `rdi` ಒಳಗೆ ಹಾಕುವುದು, ಆಮೇಲೆ ಮುಂದಿನ ವಿಳಾಸಕ್ಕೆ ರಿಟರ್ನ್ ಆಗುವುದು ಅದರ ಕೆಲಸ.

ಸ್ಟ್ಯಾಕೇ ಪ್ರೋಗ್ರಾಮ್

ಪ್ರಯೋಗಾಲಯದ ಒಂದು ಪುಟ್ಟ ಪ್ರೋಗ್ರಾಮನ್ನು ಊಹಿಸಿಕೊಳ್ಳಿ. ಅದರಲ್ಲಿ 64 ಬೈಟಿನ ಬಫರ್ ಇದೆ, `read` ಅದರೊಳಕ್ಕೆ 200 ಬೈಟ್ ಓದುತ್ತದೆ. ಕ್ಯಾನರಿ ಇಲ್ಲ, ಪ್ರೋಗ್ರಾಮಿನ ವಿಳಾಸಗಳು ಬದಲಾಗುವುದಿಲ್ಲ, ಪ್ರೋಗ್ರಾಮ್ ಬೇರೆಲ್ಲೋ `system` ಅನ್ನು ಬಳಸುತ್ತದೆ. ಬಫರಿನ 64 ಬೈಟ್ ಮತ್ತು ಉಳಿಸಿಟ್ಟ `rbp`ಯ 8 ಬೈಟ್ ಸೇರಿ 72. ಅದರಾಚೆಗಿರುವುದು ರಿಟರ್ನ್ ವಿಳಾಸ. ಅಲ್ಲಿಂದ ಮುಂದಕ್ಕೆ ಹೀಗೆ ತುಂಬಿಸುತ್ತೇವೆ:

```
0x4011fb    pop rdi ; ret
0x404038    "/bin/sh"
0x401050    system
```

ಈಗ `ret` ಮಾಡುವುದೇನು ಎಂದು ನಿಧಾನವಾಗಿ ನೋಡೋಣ. ಅದು `rsp` ತೋರಿಸುವ ಕಡೆಯ 8 ಬೈಟನ್ನು ಎತ್ತಿ `rip` ಒಳಗೆ ಹಾಕುತ್ತದೆ, `rsp`ಯನ್ನು 8ರಷ್ಟು ಮುಂದೆ ಸರಿಸುತ್ತದೆ. ನಮ್ಮ ಫಂಕ್ಷನ್ ಮುಗಿದಾಗ ಮೊದಲ ಸಾಲಿನ ವಿಳಾಸ `rip`ಗೆ ಹೋಗುತ್ತದೆ, ಗ್ಯಾಜೆಟ್ ಓಡುತ್ತದೆ. `pop rdi` ಎರಡನೆಯ ಸಾಲನ್ನು ಎತ್ತಿಕೊಳ್ಳುತ್ತದೆ. ಗ್ಯಾಜೆಟ್ಟಿನ ಕೊನೆಯ `ret` ಮೂರನೆಯ ಸಾಲನ್ನು ಎತ್ತಿ `system` ಒಳಗೆ ಕಾಲಿಡುತ್ತದೆ. ಮಾಮೂಲಿ ಪ್ರೋಗ್ರಾಮಿನಲ್ಲಿ ಮುಂದಿನ ಆದೇಶ ಯಾವುದೆಂದು `rip` ಹೇಳುತ್ತದೆ, ಇಲ್ಲಿ ಆ ಕೆಲಸವನ್ನು `rsp` ಮಾಡುತ್ತಿದೆ. ಒಂದೊಂದು ಗ್ಯಾಜೆಟ್ಟೂ ಒಂದೊಂದು ಆದೇಶ, ಸ್ಟ್ಯಾಕಿನಲ್ಲಿ ಸಾಲಾಗಿ ನಿಂತ ವಿಳಾಸಗಳೇ ಪ್ರೋಗ್ರಾಮ್. ಸ್ಟ್ಯಾಕಿನ ಒಂದು ಬೈಟೂ ಕೋಡಾಗಿ ಓಡಲಿಲ್ಲ, ಹಾಗಾಗಿ ಕಾವಲು ಮುರಿಯಲೂ ಇಲ್ಲ.

ಎಲ್ಲವೂ ಸರಿಯಿದ್ದಂತೆ ಕಂಡರೂ ಇಂದಿನ ಲಿನಕ್ಸಿನಲ್ಲಿ ಈ ಸರಪಳಿ ಬಹುತೇಕ `system` ಒಳಗೇ ಕುಸಿಯುತ್ತದೆ. ವಿದ್ಯಾರ್ಥಿಗಳು ಗಂಟೆಗಟ್ಟಲೆ ತಲೆ ಕೆಡಿಸಿಕೊಳ್ಳುವುದು ಇಲ್ಲೇ. ಗ್ಯಾಜೆಟ್ ತಪ್ಪಾಗಿರಬೇಕು ಎಂದು ಹುಡುಕುವ ಮೊದಲು `gdb`ಯಲ್ಲಿ ಕುಸಿದ ಜಾಗವನ್ನು ನೋಡಿ. ಅಲ್ಲಿ `movaps` ಎಂಬ ಆದೇಶವಿದ್ದು `rsp`ಯ ಕೊನೆಯ ಅಂಕಿ 8 ಆಗಿದ್ದರೆ, ಗ್ಯಾಜೆಟ್ ಸರಿಯಾಗಿದೆ, ತಪ್ಪಿರುವುದು ಸ್ಟ್ಯಾಕಿನ ಹೊಂದಾಣಿಕೆ. ಫಂಕ್ಷನ್ನನ್ನು ಕರೆಯುವ ಮುನ್ನ `rsp` 16ರ ಗುಣಕವಾಗಿರಬೇಕು ಎಂಬುದು ನಿಯಮ. `call` ಅದರ ಮೇಲೆ 8 ಬೈಟಿನ ವಿಳಾಸ ಇಡುವುದರಿಂದ ಫಂಕ್ಷನ್ನಿನ ಬಾಗಿಲಲ್ಲಿ `rsp` 8ರಲ್ಲಿ ಮುಗಿಯಬೇಕು. ನಾವು `call` ಮೂಲಕ ಬರಲಿಲ್ಲ, `ret` ಮೂಲಕ ಬಂದೆವು, ಲೆಕ್ಕ 8 ಬೈಟಿನಷ್ಟು ತಪ್ಪಿತು. ಪರಿಹಾರ ಸರಳ: ಸರಪಳಿಯ ಆರಂಭದಲ್ಲಿ ಬರೀ `ret` ಇರುವ ಇನ್ನೊಂದು ಗ್ಯಾಜೆಟ್ ಇಡುವುದು. ಅದಕ್ಕೆ ದೂರ ಹೋಗಬೇಕಿಲ್ಲ. `0x4011fb`ಯ ಪಕ್ಕದ ಬೈಟ್ `0x4011fc`ಯಲ್ಲೇ `c3` ಇದೆ.

ಎಲ್ಲಿ ನಿಲ್ಲುತ್ತದೆ

ಸರಪಳಿಗೆ ಬೇಕಾದದ್ದು ಖಚಿತ ವಿಳಾಸಗಳು. ಪ್ರತಿ ಓಟದಲ್ಲೂ ವಿಳಾಸಗಳನ್ನು ಕಲಸಿಹಾಕುವ ಎಎಸ್ಎಲ್ಆರ್ ತಡೆಯುವುದು ಅದನ್ನೇ. ಆದರೆ ಲೈಬ್ರರಿಯೊಳಗಿನ ಒಂದು ವಿಳಾಸ ಸೋರಿದರೂ ಉಳಿದವನ್ನು ಕೂಡಿ ಕಳೆದು ಕಂಡುಕೊಳ್ಳಬಹುದು, ಏಕೆಂದರೆ ಕಲಸುವಾಗ ಇಡೀ ಲೈಬ್ರರಿ ಒಟ್ಟಿಗೇ ಜಾಗ ಬದಲಿಸುತ್ತದೆ, ಒಳಗಿನ ಅಂತರಗಳು ಹಾಗೇ ಉಳಿಯುತ್ತವೆ. ನಮ್ಮ `pop r15` ತುಣುಕು ಬಹುಕಾಲ ಲಿನಕ್ಸಿನ ಹೆಚ್ಚಿನ ಪ್ರೋಗ್ರಾಮುಗಳಲ್ಲಿ `__libc_csu_init` ಎಂಬ ಫಂಕ್ಷನ್ನಿನ ಕೊನೆಯಲ್ಲಿ ಸಿಗುತ್ತಿತ್ತು. 2021ರ ಗ್ಲಿಬ್‌ಸಿ 2.34 ಆವೃತ್ತಿ ಅದನ್ನು ತೆಗೆದುಹಾಕಿತು. ಹಳೆಯ ಪಾಠಗಳನ್ನು ಹೊಸ ಯಂತ್ರದಲ್ಲಿ ಮಾಡಿದಾಗ ಗ್ಯಾಜೆಟ್ ಸಿಗದಿರಲು ಇದೇ ಕಾರಣ.

ನೇರ ಏಟು ಕೊಡುವುದು ನೆರಳು ಸ್ಟ್ಯಾಕ್. 2020ರ ಟೈಗರ್ ಲೇಕ್ ಪ್ರೊಸೆಸರುಗಳಿಂದ ಇಂಟೆಲ್ ಇದನ್ನು ತಂದಿತು. ಪ್ರತಿ `call` ತನ್ನ ರಿಟರ್ನ್ ವಿಳಾಸದ ಇನ್ನೊಂದು ಪ್ರತಿಯನ್ನು, ಮಾಮೂಲಿ ಬರೆಯುವ ಆದೇಶಗಳಿಗೆ ಎಟುಕದ ಜಾಗದಲ್ಲಿ ಇಡುತ್ತದೆ. `ret` ಬಂದಾಗ ಪ್ರೊಸೆಸರ್ ಎರಡನ್ನೂ ಹೋಲಿಸಿ ನೋಡುತ್ತದೆ. ನಮ್ಮ ಸರಪಳಿಯಲ್ಲಿ `ret`ಗಳಿವೆ, ಅವಕ್ಕೆ ಜೋಡಿಯಾದ `call`ಗಳಿಲ್ಲ. ಮೊದಲ ಹೆಜ್ಜೆಯಲ್ಲೇ ಲೆಕ್ಕ ತಾಳೆಯಾಗದೆ ಪ್ರೋಗ್ರಾಮ್ ನಿಲ್ಲುತ್ತದೆ. ಆದರೆ ಪ್ರೊಸೆಸರ್, ಆಪರೇಟಿಂಗ್ ಸಿಸ್ಟಂ, ಕಂಪೈಲರ್ ಮೂರೂ ಒಪ್ಪಿದಾಗ ಮಾತ್ರ ಈ ಕಾವಲು ಎಚ್ಚರವಾಗಿರುತ್ತದೆ.

ಇದನ್ನು ನಿಮ್ಮದೇ ಯಂತ್ರದಲ್ಲಿ, ನೀವೇ ಬರೆದ ಪ್ರೋಗ್ರಾಮಿನ ಮೇಲೆ ಒಮ್ಮೆ ಮಾಡಿ ನೋಡಿ. ಆಮೇಲೆ `read`ನ 200 ಅನ್ನು 64 ಮಾಡಿ ಮತ್ತೆ ಓಡಿಸಿ. ಗ್ಯಾಜೆಟ್‌ಗಳೆಲ್ಲ ಅಲ್ಲೇ ಇರುತ್ತವೆ, ಆದರೆ ಅವುಗಳನ್ನು ತಲುಪುವ ದಾರಿಯೇ ಇರುವುದಿಲ್ಲ.