ಒಂದೇ ಅಂಕಿ, ಎರಡು ಅರ್ಥ

ಟ್ರಾನ್ಸ್‌ಫಾರ್ಮರ್‌ನ ಸುರುಳಿಗೆ ಸುತ್ತಿದ ಕಾಗದ ಮತ್ತು ಅದನ್ನು ನೆನೆಸಿದ ಎಣ್ಣೆ ವಿದ್ಯುತ್ ಸೋರದಂತೆ ತಡೆಯುತ್ತವೆ. ಈ ತಡೆಯನ್ನು ಅಳೆಯಲು ಲೈನುಗಳನ್ನೆಲ್ಲ ಬಿಡಿಸಿ, ಸುರುಳಿ ಮತ್ತು ಟ್ಯಾಂಕಿನ ನಡುವೆ ಮೆಗ್ಗರ್‌ನಿಂದ ಡಿ.ಸಿ. ವೋಲ್ಟೇಜ್ ಕೊಡುತ್ತಾರೆ. ಒಂದು ನಿಮಿಷದ ರೀಡಿಂಗೇ ಇನ್ಸುಲೇಷನ್ ರೆಸಿಸ್ಟೆನ್ಸ್. ಹತ್ತನೇ ನಿಮಿಷದ ರೀಡಿಂಗನ್ನು ಅದರಿಂದ ಭಾಗಿಸಿದರೆ ಪೋಲರೈಸೇಷನ್ ಇಂಡೆಕ್ಸ್.

ಕಳೆದ ವರ್ಷ 50 ಡಿಗ್ರಿ ಸೆಲ್ಸಿಯಸ್‌ನಲ್ಲಿ 400 ಮೆಗಾಓಮ್ ಇತ್ತು, ಈ ವರ್ಷ 30 ಡಿಗ್ರಿಯಲ್ಲೂ 400 ಇದೆ ಎನ್ನೋಣ. ಏನೂ ಬದಲಾಗಿಲ್ಲ ಎನಿಸುತ್ತದೆ. ಆದರೆ ಉಷ್ಣಾಂಶ 10 ಡಿಗ್ರಿ ಏರಿದರೆ ತಡೆ ಸುಮಾರು ಅರ್ಧಕ್ಕಿಳಿಯುತ್ತದೆ. ಈ ಲೆಕ್ಕದಲ್ಲಿ ತಂಪಾದ ಸುರುಳಿ 1600 ತೋರಿಸಬೇಕಿತ್ತು. ಅಂದರೆ ತಡೆ ಕಾಲು ಭಾಗಕ್ಕೆ ಕುಸಿದಿದೆ.

ಕಾರಣ ತೇವವೇ? ಇಂಡೆಕ್ಸ್ ಸುಳಿವು ಕೊಡುತ್ತದೆ. ಒಣ ಕಾಗದದಲ್ಲಿ ಸಮಯ ಕಳೆದಂತೆ ಕರೆಂಟ್ ಇಳಿದು ರೀಡಿಂಗ್ ಏರುತ್ತದೆ. ತೇವವಿದ್ದರೆ ಸೋರಿಕೆ ಒಂದೇ ಸಮನೆ ಹರಿದು, ರೀಡಿಂಗ್ 480ಕ್ಕೇ ನಿಂತು, ಇಂಡೆಕ್ಸ್ 1.2 ಆಗುತ್ತದೆ. ಬುಶಿಂಗ್ ಮೇಲಿನ ಇಬ್ಬನಿ, ಕೊಳೆಯೂ ಹೀಗೇ ಮಾಡಬಲ್ಲವು. ಆದ್ದರಿಂದ ಬುಶಿಂಗ್ ಒರೆಸಿ, ಗಾರ್ಡ್ ತಂತಿ ಕಟ್ಟಿ ಮತ್ತೆ ಅಳೆಯಬೇಕು. ಆಗಲೂ ಏರದಿದ್ದರೆ ಅನುಮಾನ ಒಳಗಿನ ತೇವದ ಮೇಲೆ.

ಎಣ್ಣೆ ತುಂಬಿದ ಟ್ರಾನ್ಸ್‌ಫಾರ್ಮರ್‌ನಲ್ಲಿ ಇಂಡೆಕ್ಸ್ ಒಂದನ್ನೇ ನಂಬುವಂತಿಲ್ಲ. ಎಣ್ಣೆಯ ತೇವಾಂಶವನ್ನೂ ಪರೀಕ್ಷಿಸಬೇಕು. ಉಷ್ಣಾಂಶ ಬರೆದಿಡದ ಮೆಗ್ಗರ್ ರೀಡಿಂಗನ್ನು ಯಾವುದರ ಜೊತೆಗೂ ಹೋಲಿಸಬೇಡಿ.