ಅಗ್ಗದ ಸಾಲದ ನಿಜವಾದ ಬೆಲೆ

ಕಳೆದ ಬೇಸಗೆಯಲ್ಲಿ ನನ್ನ ಸೋದರಮಾವ ಒಂದು ಕಡಲೆಕಾಯಿ ಎಣ್ಣೆ ಗಿರಣಿ ಹಾಕಲು ಹೊರಟಿದ್ದರು. ಬಂಡವಾಳ 10 ಲಕ್ಷ ರೂಪಾಯಿ. ಅದರಲ್ಲಿ 5 ಲಕ್ಷಕ್ಕೆ ಶೇಕಡ 5ರ ಬಡ್ಡಿಯ ರಿಯಾಯಿತಿ ಸಾಲ ದೊರೆಯುವ ಸಂಭವವಿತ್ತು. "ಕಾಮರ್ಸ್ ಓದುತ್ತೀಯಲ್ಲ, ಲೆಕ್ಕ ಹಾಕಿ ಹೇಳಪ್ಪ" ಎಂದರು.

ಇಂಥ ಸಂದರ್ಭಕ್ಕೆ 1974ರಲ್ಲಿ ಸ್ಟೂವರ್ಟ್ ಮೈಯರ್ಸ್ ಎಂಬ ಅಮೆರಿಕದ ವಿದ್ವಾಂಸರು ಒಂದು ಕ್ರಮವನ್ನು ತೋರಿಸಿದರು. ಅದನ್ನು 'ಹೊಂದಿಸಿದ ವರ್ತಮಾನ ಮೌಲ್ಯ'ವೆನ್ನಬಹುದು. ಉದ್ಯಮವನ್ನೂ ಸಾಲವನ್ನೂ ಬೇರೆಬೇರೆಯಾಗಿ ತೂಗಿ, ಕೊನೆಗೆ ಕೂಡಿಸುವುದೇ ಇದರ ತಿರುಳು.

ಮೊದಲು, ಹಣವೆಲ್ಲ ಸ್ವಂತದ್ದೆಂದೇ ಭಾವಿಸಬೇಕು. ಗಿರಣಿಯಿಂದ ತೆರಿಗೆ ಕಳೆದು ವರ್ಷಕ್ಕೆ 2,80,000 ರೂಪಾಯಿಯಂತೆ ಐದು ವರ್ಷ ಬರುವುದೆಂದು ಅಂದಾಜು. ಎಣ್ಣೆ ವ್ಯಾಪಾರದ ಅಪಾಯಕ್ಕೆ ತಕ್ಕಂತೆ ಶೇಕಡ 15ರ ದರ ಹಿಡಿದರೆ ಇವುಗಳ ಇಂದಿನ ಬೆಲೆ 9,38,600. ಎಂದರೆ 61,400 ರೂಪಾಯಿ ನಷ್ಟ.

ಇನ್ನು ಸಾಲ. ವರ್ಷಕ್ಕೆ 25,000 ಬಡ್ಡಿ. ಅಸಲು ಐದನೆಯ ವರ್ಷದ ಕೊನೆಗೆ. ಇದೇ ಸಾಲಕ್ಕೆ ಪೇಟೆಯಲ್ಲಿ ಶೇಕಡ 10 ಕೊಡಬೇಕಾಗಿತ್ತು. ಆದ್ದರಿಂದ ಕೊಡಬೇಕಾದ ಹಣವನ್ನೆಲ್ಲ ಶೇಕಡ 10ರಲ್ಲೇ ಇಂದಿಗೆ ಇಳಿಸಬೇಕು. ಬಡ್ಡಿಗೆ 94,770, ಅಸಲಿಗೆ 3,10,460, ಒಟ್ಟು 4,05,230. ಕೈಗೆ ಬಂದದ್ದು 5 ಲಕ್ಷ. ಉಳಿದ 94,770 ರೂಪಾಯಿಯೇ ರಿಯಾಯಿತಿಯ ಬೆಲೆ. ಬಡ್ಡಿಯ ಮೇಲೆ ಶೇಕಡ 25ರಂತೆ ವರ್ಷಕ್ಕೆ 6,250 ತೆರಿಗೆ ಉಳಿಯುವುದು. ಅದರ ಇಂದಿನ ಬೆಲೆ 23,690. ಎರಡೂ ಸೇರಿ 1,18,460. ನಷ್ಟವನ್ನು ಕಳೆದರೆ 57,060 ರೂಪಾಯಿ ಲಾಭ!

ಇಲ್ಲಿ ನಾನು ಎರಡು ಸಲ ಎಡವಿದೆನೆಂಬುದನ್ನು ಮುಚ್ಚಿಡಲಾರೆ. ಮೊದಲು ಸಾಲವನ್ನು ಅದರದೇ ಶೇಕಡ 5ರ ದರದಲ್ಲಿ ಇಳಿಸಿದೆ. ಆಗ ಉತ್ತರ ಸರಿಯಾಗಿ 5 ಲಕ್ಷವೇ ಬಂದು, ರಿಯಾಯಿತಿ ಮಾಯವಾಯಿತು. ಆಮೇಲೆ ತೆರಿಗೆಯ ಉಳಿತಾಯವನ್ನು ಪೇಟೆ ಬಡ್ಡಿಯಾದ 50,000ದ ಮೇಲೆ ಹಾಕಿದೆ. ಅದೂ ತಪ್ಪು. ಕೊಡದ ಬಡ್ಡಿಗೆ ತೆರಿಗೆ ವಿನಾಯಿತಿ ಎಲ್ಲಿಯದು?

"ಹಾಗಾದರೆ ಗಿರಣಿ ಹಾಕಲೇ?" ಎಂದು ಮಾವ ಕೇಳಿದರು. ಲೆಕ್ಕ ಬಿಡಿಬಿಡಿಯಾಗಿದ್ದುದರಿಂದ ಉತ್ತರ ಸುಲಭವಾಯಿತು. ಗಿರಣಿ ತನ್ನ ಕಾಲಮೇಲೆ ನಿಲ್ಲದು. ಸಾಲವೇ ಅದರ ಊರುಗೋಲು. ಸಾಲದ ಪ್ರತಿ ರೂಪಾಯಿಗೂ ಸುಮಾರು 24 ಪೈಸೆ ಲಾಭ. ಆದ್ದರಿಂದ ಮಂಜೂರಾಗುವ ಮೊತ್ತ ಸುಮಾರು 2,60,000ಕ್ಕಿಂತ ಕೆಳಗಿಳಿದರೆ ಮತ್ತೆ ನಷ್ಟವೇ. ಇದೇ ಸಾಲ ಬೇರೆ ಉದ್ಯಮಕ್ಕೂ ದೊರೆಯುವಂತಿದ್ದರೆ, ಆ ಲಾಭವನ್ನು ಗಿರಣಿಯ ಹೆಸರಿಗೆ ಬರೆಯುವುದೂ ನ್ಯಾಯವಲ್ಲ.

"ಮಂಜೂರಾತಿ ಪತ್ರ ಕೈಸೇರುವ ತನಕ ಯಂತ್ರಕ್ಕೆ ಮುಂಗಡ ಕೊಡಬೇಡಿ ಮಾವ" ಎಂದೆ. ಅವರು ಇನ್ನೂ ಆ ಪತ್ರದ ದಾರಿ ಕಾಯುತ್ತಿದ್ದಾರೆ. ಹಣ ಮಾತ್ರ ಕೈಯಲ್ಲೇ ಇದೆ.